ಮೂರರೊಳಗೆ ಮೂರು

ಫೋನಿನಲ್ಲಿ ಗದ್ದಲವಿದ್ದರೆ ನಾವು ನಂಬರನ್ನು ಮತ್ತೆ ಮತ್ತೆ ಹೇಳುತ್ತೇವೆ. ಎರಡು ಸಲ ‘ಏಳು’ ಎಂದೂ ಒಂದು ಸಲ ‘ಏನು’ ಎಂದೂ ಕೇಳಿಸಿದರೆ, ಆ ಕಡೆಯವರು ಏಳು ಎಂದೇ ಬರೆದುಕೊಳ್ಳುತ್ತಾರೆ. ಕಂಪ್ಯೂಟರಿನಲ್ಲಿ ತಪ್ಪು ತಿದ್ದುವ ವಿದ್ಯೆ ಶುರುವಾಗುವುದೂ ಇಲ್ಲಿಂದಲೇ. 0 ಎಂಬುದನ್ನು 000 ಎಂದು, 1 ಎಂಬುದನ್ನು 111 ಎಂದು ಬರೆದಿಡಿ. ನಡುವೆ ಒಂದು ಅಂಕಿ ಮಗುಚಿಕೊಂಡು 010 ಆದರೆ ಬಹುಮತ ಸೊನ್ನೆಯ ಕಡೆಗಿದೆ. ಹಾಗಾಗಿ 000 ಎಂದು ತಿದ್ದಬಹುದು. ಎರಡು ಅಂಕಿ ಒಟ್ಟಿಗೆ ಮಗುಚಿದರೆ ಮೋಸಹೋಗುತ್ತೇವೆ, ನಿಜ. ಆದರೆ ಒಂದು ಅಂಕಿ ಕೆಡುವುದೇ ಅಪರೂಪವಾಗಿದ್ದರೆ ಎರಡು ಒಟ್ಟಿಗೆ ಕೆಡುವುದು ಇನ್ನೂ ಅಪರೂಪ.

ಈ ಉಪಾಯ ಕ್ವಾಂಟಮ್ ಕಂಪ್ಯೂಟರಿಗೆ ಒಗ್ಗುವುದೇ ಇಲ್ಲ ಎಂದು 1995ರವರೆಗೂ ಬಲ್ಲವರೇ ಹೇಳುತ್ತಿದ್ದರು. ಅದರ ಹಿಂದಿನ ವರ್ಷವಷ್ಟೇ ಅಮೆರಿಕದ ಬೆಲ್ ಲ್ಯಾಬ್ಸ್‌ನ ಗಣಿತಜ್ಞ ಪೀಟರ್ ಶೋರ್, ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವ ಕೆಲಸವನ್ನು ಕ್ವಾಂಟಮ್ ಕಂಪ್ಯೂಟರು ಸಲೀಸಾಗಿ ಮಾಡಬಲ್ಲದು ಎಂದು ಕಾಗದದ ಮೇಲೆ ತೋರಿಸಿದ್ದರು. ಸುದ್ದಿ ದೊಡ್ಡದಾಯಿತು, ಅನುಮಾನವೂ ಅಷ್ಟೇ ದೊಡ್ಡದಾಯಿತು. ಐಬಿಎಂನ ಹಿರಿಯ ಭೌತವಿಜ್ಞಾನಿ ರೋಲ್ಫ್ ಲಾಂಡವರ್ ಅವರಂತೂ, ಈ ವಿಷಯದ ಪ್ರತಿ ಪ್ರಬಂಧದ ಕೆಳಗೂ ‘ಇದು ಬಹುಶಃ ಕೆಲಸ ಮಾಡಲಾರದು’ ಎಂಬರ್ಥದ ಎಚ್ಚರಿಕೆಯನ್ನು ಅಚ್ಚು ಹಾಕಬೇಕು ಎಂದು ಸೂಚಿಸಿದ್ದರು.

ಅವರ ಅನುಮಾನಕ್ಕೆ ಗಟ್ಟಿ ಕಾರಣಗಳಿದ್ದವು. ಕ್ಯೂಬಿಟ್ ಒಂದನ್ನು ನಕಲು ಮಾಡುವಂತಿಲ್ಲ. ಗೊತ್ತಿಲ್ಲದ ಕ್ವಾಂಟಮ್ ಸ್ಥಿತಿಯ ತದ್ರೂಪು ತೆಗೆಯುವುದು ಅಸಾಧ್ಯ ಎಂದು 1982ರಲ್ಲೇ ಸಾಬೀತಾಗಿತ್ತು. ಮೂರು ಪ್ರತಿ ಮಾಡದೆ ಬಹುಮತ ಎಲ್ಲಿಂದ ಬರಬೇಕು? ಹೇಗೋ ಮಾಡಿದರೂ, ತಪ್ಪಾಗಿದೆಯೇ ಎಂದು ಇಣುಕಿ ನೋಡಿದರೆ ಕ್ಯೂಬಿಟ್ಟಿನಲ್ಲಿದ್ದ ಸೂಕ್ಷ್ಮ ಮಿಶ್ರಣವೇ ಕೆಡುತ್ತದೆ. ಅದು ಸೊನ್ನೆ ಇಲ್ಲವೇ ಒಂದು ಎಂದು ತೀರ್ಮಾನವಾಗಿ ನಿಂತುಬಿಡುತ್ತದೆ. ಇದರ ಜೊತೆಗೆ, ಸಾಮಾನ್ಯ ಬಿಟ್ಟಿಗೆ ಮಗುಚುವುದೊಂದೇ ರೋಗ, ಕ್ಯೂಬಿಟ್ಟಿಗೆ ಹಾಗಲ್ಲ. ಅದು ಒಂದಿಷ್ಟು ಓರೆಯಾಗಬಹುದು, ಇನ್ನೊಂದಿಷ್ಟು ತಿರುಗಬಹುದು. ತಪ್ಪಿನ ಬಗೆಗಳಿಗೆ ಲೆಕ್ಕವೇ ಇಲ್ಲ.

1995ರ ಅಕ್ಟೋಬರಿನಲ್ಲಿ ‘ಫಿಸಿಕಲ್ ರಿವ್ಯೂ ಎ’ ಪತ್ರಿಕೆಯಲ್ಲಿ ನಾಲ್ಕೇ ಪುಟದ ಉತ್ತರ ಬಂತು. ಬರೆದವರು ಅದೇ ಶೋರ್. ಒಂದು ಕ್ಯೂಬಿಟ್ಟಿನ ಮಾಹಿತಿಯನ್ನು ಒಂಬತ್ತು ಕ್ಯೂಬಿಟ್‌ಗಳಲ್ಲಿ ಹರಡಿಟ್ಟರೆ, ಆ ಒಂಬತ್ತರಲ್ಲಿ ಯಾವುದೇ ಒಂದು ಹೇಗೇ ಕೆಟ್ಟರೂ ಮಾಹಿತಿಯನ್ನು ಪೂರ್ತಿ ಉಳಿಸಿಕೊಳ್ಳಬಹುದು ಎಂಬುದು ಅದರ ಸಾರ. ಒಂಬತ್ತು ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ಹುಡುಕುತ್ತ ಹೋದರೆ ಇಡೀ ಕಥೆ ಬಿಚ್ಚಿಕೊಳ್ಳುತ್ತದೆ.

ಮೊದಲು ನಕಲಿನ ತೊಡಕನ್ನು ನೋಡೋಣ. ಕ್ಯೂಬಿಟ್ಟಿನ ಸ್ಥಿತಿಯನ್ನು α|0⟩ + β|1⟩ ಎಂದು ಬರೆಯುವುದು ರೂಢಿ. α ಎಂಬುದು ಅದರಲ್ಲಿ ಸೊನ್ನೆಯ ಪಾಲು, β ಎಂಬುದು ಒಂದರ ಪಾಲು. ಇದನ್ನು ಮೂರು ಪ್ರತಿ ಮಾಡಲಾಗದು. ಆದರೆ ಇನ್ನೆರಡು ಕ್ಯೂಬಿಟ್‌ಗಳನ್ನು ಇದಕ್ಕೆ ಹೆಣೆದು α|000⟩ + β|111⟩ ಎಂಬ ಸ್ಥಿತಿಗೆ ತರಲು ಯಾವ ಅಡ್ಡಿಯೂ ಇಲ್ಲ. ಇಲ್ಲಿ ಮೂರು ಪ್ರತಿಗಳಿಲ್ಲ, ಒಂದೇ ಮಾಹಿತಿ ಮೂವರ ನಡುವೆ ಇದೆ. ಮೂರರಲ್ಲಿ ಒಂದನ್ನು ಮಾತ್ರ ಕೈಗೆತ್ತಿಕೊಂಡರೆ ಮೂಲ ಸ್ಥಿತಿಯನ್ನು ತಿಳಿಯಲಾಗುವುದಿಲ್ಲ.

ಇಣುಕಿ ನೋಡುವ ತೊಡಕಿಗೆ ಉತ್ತರ ನಮ್ಮ ಹಳೆಯ ತಕ್ಕಡಿಯಲ್ಲಿದೆ. ಎರಡು ತಟ್ಟೆಗಳಲ್ಲಿ ಎರಡು ಗಂಟುಗಳನ್ನಿಟ್ಟರೆ ತಕ್ಕಡಿಯ ಮುಳ್ಳು ಅವೆರಡೂ ಸಮವೇ ಅಲ್ಲವೇ ಎಂದಷ್ಟೇ ಹೇಳುತ್ತದೆ. ಗಂಟಿನ ತೂಕ ಎಷ್ಟು, ಒಳಗೇನಿದೆ ಎಂದು ಹೇಳುವುದಿಲ್ಲ. ಕ್ಯೂಬಿಟ್‌ಗಳನ್ನೂ ಹಾಗೆಯೇ ಕೇಳಬಹುದು: ಮೊದಲನೆಯದೂ ಎರಡನೆಯದೂ ಒಂದೇ ಆಗಿವೆಯೇ? ಎರಡನೆಯದೂ ಮೂರನೆಯದೂ? 000ಕ್ಕೂ 111ಕ್ಕೂ ಉತ್ತರ ಒಂದೇ, ‘ಸಮ, ಸಮ’. ಹಾಗಾಗಿ ಈ ಪ್ರಶ್ನೆಯಿಂದ ಸೊನ್ನೆ, ಒಂದರ ಗುಟ್ಟು ರಟ್ಟಾಗುವುದಿಲ್ಲ, ಮಿಶ್ರಣವೂ ಕೆಡುವುದಿಲ್ಲ. ನಡುವಿನದು ಮಗುಚಿದ್ದರೆ ಎರಡು ಪ್ರಶ್ನೆಗಳಿಗೂ ‘ಅಸಮ’ ಎಂದು ಬರುತ್ತದೆ. ಎರಡರಲ್ಲೂ ಇರುವ ಕ್ಯೂಬಿಟ್ ನಡುವಿನದೊಂದೇ ಆದ್ದರಿಂದ ಕಳ್ಳ ಸಿಕ್ಕಿಬೀಳುತ್ತಾನೆ. ಪ್ರಯೋಗಶಾಲೆಯಲ್ಲಿ ಮುಳ್ಳಿನ ಕೆಲಸ ಮಾಡುವುದು ಇನ್ನೊಂದು ಸಹಾಯಕ ಕ್ಯೂಬಿಟ್. ಅದನ್ನು ಸೊನ್ನೆಯಲ್ಲಿಟ್ಟು, ಮೊದಲನೆಯ ಕ್ಯೂಬಿಟ್ ಒಂದಾಗಿದ್ದರೆ ಒಮ್ಮೆ ಮಗುಚಿಸಿ, ಎರಡನೆಯದು ಒಂದಾಗಿದ್ದರೆ ಇನ್ನೊಮ್ಮೆ ಮಗುಚಿಸಿ, ಕೊನೆಗೆ ಆ ಸಹಾಯಕವನ್ನು ಮಾತ್ರ ಅಳೆಯುತ್ತಾರೆ.

ಇಷ್ಟಕ್ಕೇ ಮುಗಿಯುವುದಾದರೆ ಮೂರೇ ಸಾಕಿತ್ತು. ಕ್ಯೂಬಿಟ್ಟಿಗೆ ಇನ್ನೊಂದು ರೋಗವಿದೆ, ಅದು ಚಿಹ್ನೆ ಮಗುಚುವುದು. ಇದಕ್ಕೆ ಫೇಸ್ ಫ್ಲಿಪ್ ಎನ್ನುತ್ತಾರೆ. |0⟩ + |1⟩ ಎಂದಿದ್ದದ್ದು |0⟩ − |1⟩ ಆಗಿಬಿಡುತ್ತದೆ. ನೇರವಾಗಿ ಅಳೆದರೆ ಎರಡೂ ಅರ್ಧ ಸಲ ಸೊನ್ನೆ, ಅರ್ಧ ಸಲ ಒಂದು ಕೊಡುತ್ತವೆ. ಹಾಗಾದರೆ ಈ ಕಳೆಯುವ ಚಿಹ್ನೆ ಬರೀ ಕಾಗದದ ಮೇಲಿನದೇ? ಅಲ್ಲ. ಎರಡನ್ನೂ ಹಡಮಾರ್ಡ್ ಗೇಟ್ ಎಂಬ ಒಂದು ಸರಳ ಕ್ರಿಯೆಗೆ ಒಳಪಡಿಸಿ ಆಮೇಲೆ ಅಳೆಯಿರಿ. ಮೊದಲನೆಯದು ಪ್ರತಿ ಸಲವೂ ಸೊನ್ನೆ ಕೊಡುತ್ತದೆ, ಎರಡನೆಯದು ಪ್ರತಿ ಸಲವೂ ಒಂದು ಕೊಡುತ್ತದೆ. ಎರಡು ಅಲೆಗಳು ಕೂಡಿದರೆ ಏರುತ್ತವೆ, ಎದುರುಬದುರಾದರೆ ಒಂದನ್ನೊಂದು ನುಂಗುತ್ತವೆ. ಕ್ವಾಂಟಮ್ ಲೆಕ್ಕದಲ್ಲಿ ತಪ್ಪು ಉತ್ತರಗಳು ಅಳಿಸಿಹೋಗಿ ಸರಿಯುತ್ತರ ಉಳಿಯುವುದು ಹೀಗೆ ನುಂಗುವುದರಿಂದಲೇ. ಚಿಹ್ನೆ ಹೋದರೆ ಲೆಕ್ಕವೇ ಹೋಯಿತು.

ಈಗ ಮೂರು ಕ್ಯೂಬಿಟ್ಟಿನ ನಮ್ಮ ಕಾವಲನ್ನು ಈ ರೋಗದ ಎದುರು ನಿಲ್ಲಿಸಿ. α|000⟩ + β|111⟩ ಸ್ಥಿತಿಯಲ್ಲಿ ಮೂರರಲ್ಲಿ ಯಾವುದೇ ಒಂದರ ಚಿಹ್ನೆ ಮಗುಚಿದರೂ ಅದು α|000⟩ − β|111⟩ ಆಗುತ್ತದೆ. ತಕ್ಕಡಿಯನ್ನು ಕೇಳಿದರೆ ‘ಸಮ, ಸಮ’ ಎನ್ನುತ್ತದೆ. ಅದಕ್ಕೆ ಏನೂ ಗೊತ್ತಾಗಿಲ್ಲ. ಇನ್ನೂ ಕೆಟ್ಟ ಸಂಗತಿಯೆಂದರೆ, ಮೊದಲು ಒಂದೇ ಕ್ಯೂಬಿಟ್ಟಿನ ಚಿಹ್ನೆ ಕೆಡುವ ಭಯವಿತ್ತು, ಈಗ ಮೂರರಲ್ಲಿ ಯಾವುದು ಕೆಟ್ಟರೂ ಮಾಹಿತಿ ಕೆಡುತ್ತದೆ. ಅಪಾಯ ಮೂರು ಪಟ್ಟಾಯಿತು. ಅಂಕಿಯನ್ನು ಕಾಯಲು ನಿಂತವರು ಚಿಹ್ನೆಗೆ ಮೂರು ಬಾಗಿಲು ತೆರೆದಿಟ್ಟಂತಾಯಿತು. ಇದು ಆಕಸ್ಮಿಕವೂ ಅಲ್ಲ. ಮೂರು ಕ್ಯೂಬಿಟ್ ಸೇರಿ ಒಂದೇ ಮಾತು ಹೇಳಬೇಕೆಂದು ಕಟ್ಟಿಹಾಕಿದ ಮೇಲೆ ಒಬ್ಬರ ಚಿಹ್ನೆ ಎಲ್ಲರ ಚಿಹ್ನೆಯೇ.

ಚಿಹ್ನೆಯನ್ನೇ ಕಾಯಬೇಕಾದರೆ ದಾರಿ ಇದೆ. ಹಡಮಾರ್ಡ್ ಗೇಟಿನ ಕಣ್ಣಿನಿಂದ ನೋಡಿದರೆ ಚಿಹ್ನೆ ಮಗುಚುವುದು ಅಂಕಿ ಮಗುಚಿದಂತೆಯೇ ಕಾಣುತ್ತದೆ ಎಂದೆವಲ್ಲ, ಅದನ್ನೇ ಹಿಡಿದುಕೊಳ್ಳಬೇಕು. |0⟩ + |1⟩ ಸ್ಥಿತಿಗೆ ‘ಕೂಡು’ ಎಂದೂ |0⟩ − |1⟩ ಸ್ಥಿತಿಗೆ ‘ಕಳೆ’ ಎಂದೂ ಹೆಸರಿಡೋಣ. ಸೊನ್ನೆಯನ್ನು ‘ಕೂಡು, ಕೂಡು, ಕೂಡು’ ಎಂದು, ಒಂದನ್ನು ‘ಕಳೆ, ಕಳೆ, ಕಳೆ’ ಎಂದು ಬರೆದಿಟ್ಟರೆ, ಒಂದರ ಚಿಹ್ನೆ ಕೆಟ್ಟಾಗ ಅದು ಒಂಟಿಯಾಗಿ ಎದ್ದು ಕಾಣುತ್ತದೆ. ಆದರೆ ಈ ಕಾವಲುಗಾರನಿಗೆ ಅಂಕಿ ಮಗುಚುವುದು ಕಾಣುವುದಿಲ್ಲ. ಒಬ್ಬನಿಗೆ ಹಗಲುಗುರುಡು, ಇನ್ನೊಬ್ಬನಿಗೆ ಇರುಳುಗುರುಡು.

ಶೋರ್ ಮಾಡಿದ್ದು ಇಬ್ಬರನ್ನೂ ಒಂದರೊಳಗೊಂದು ಕೂರಿಸಿದ್ದು. ಮೊದಲು ಚಿಹ್ನೆ ಕಾಯುವ ಕೋಡಿನಿಂದ ಒಂದು ಕ್ಯೂಬಿಟ್ಟನ್ನು ಮೂರಾಗಿಸಿ. ಆಮೇಲೆ ಆ ಮೂರರಲ್ಲಿ ಪ್ರತಿಯೊಂದನ್ನೂ ಅಂಕಿ ಕಾಯುವ ಕೋಡಿನಿಂದ ಮತ್ತೆ ಮೂರಾಗಿಸಿ. ಮೂರು ಗುಂಪು, ಗುಂಪಿಗೆ ಮೂರು, ಒಟ್ಟು ಒಂಬತ್ತು. ಒಳಗಿನ ಕೋಡು ತನ್ನ ಗುಂಪಿನಲ್ಲಿ ಅಂಕಿ ಕೆಡದಂತೆ ನೋಡಿಕೊಳ್ಳುತ್ತದೆ. ಅದು ಹೆಚ್ಚಿಸಿದ ಚಿಹ್ನೆಯ ಅಪಾಯವನ್ನು ಹೊರಗಿನ ಕೋಡು ಹೊತ್ತುಕೊಳ್ಳುತ್ತದೆ. ಕೊನೆಗೆ ಸಿಗುವುದು ಇದು:

```
|0_L⟩ = (|000⟩ + |111⟩)(|000⟩ + |111⟩)(|000⟩ + |111⟩) / 2√2
|1_L⟩ = (|000⟩ − |111⟩)(|000⟩ − |111⟩)(|000⟩ − |111⟩) / 2√2
```

ಇಲ್ಲಿನ L ಎಂದರೆ ‘ಲಾಜಿಕಲ್’, ಒಂಬತ್ತೂ ಸೇರಿ ನಟಿಸುತ್ತಿರುವ ಒಂದೇ ಕ್ಯೂಬಿಟ್. ಗಮನಿಸಿ, ಸೊನ್ನೆಗೂ ಒಂದಕ್ಕೂ ವ್ಯತ್ಯಾಸ ಇರುವುದು ಮೂರು ಗುಂಪುಗಳ ನಡುವಿನ ಚಿಹ್ನೆಯಲ್ಲಿ ಮಾತ್ರ. ಒಂಬತ್ತು ಕ್ಯೂಬಿಟ್‌ಗಳಲ್ಲಿ ಯಾವೊಂದನ್ನು ಇಣುಕಿದರೂ ಈ ವ್ಯತ್ಯಾಸ ಕಾಣುವುದಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ನಡೆಸಿ ನೋಡೋಣ. ಒಂಬತ್ತು ಕ್ಯೂಬಿಟ್‌ಗಳಿಗೆ 1ರಿಂದ 9ರವರೆಗೆ ನಂಬರು ಕೊಡಿ. ಒಂದು ಹಾಳೆಯಲ್ಲಿ ಮೂರು ಸಾಲು, ಸಾಲಿಗೆ ಮೂರರಂತೆ ಸೊನ್ನೆಗಳನ್ನು ಬರೆದುಕೊಂಡರೆ ಸುಲಭ. ನಾನು ಹಾಗೆಯೇ ಕಲಿತದ್ದು. ಮೊದಲ ಸಾಲಿನಲ್ಲಿ 1, 2, 3, ಎರಡನೆಯದರಲ್ಲಿ 4, 5, 6, ಮೂರನೆಯದರಲ್ಲಿ 7, 8, 9. ಕೆಡುವುದು ನಟ್ಟನಡುವಿನ 5 ಇರಲಿ.

ತಕ್ಕಡಿಗೆ ಒಟ್ಟು ಎಂಟು ಪ್ರಶ್ನೆಗಳಿವೆ. ಆರು ಪ್ರಶ್ನೆಗಳು ಅಂಕಿಯವು, ಪ್ರತಿ ಸಾಲಿನಲ್ಲಿ ಅಕ್ಕಪಕ್ಕದವು ಒಂದೇ ಆಗಿವೆಯೇ ಎಂದು. ಉಳಿದೆರಡು ಚಿಹ್ನೆಯವು, ಮೊದಲ ಸಾಲಿನ ಚಿಹ್ನೆಯೂ ಎರಡನೆಯದರ ಚಿಹ್ನೆಯೂ ಒಂದೇಯೇ, ಎರಡನೆಯದರದೂ ಮೂರನೆಯದರದೂ ಒಂದೇಯೇ ಎಂದು. ಈಗ 5ನೆಯದರ ಅಂಕಿ ಮಗುಚಿತು ಎನ್ನಿ. ನಡುವಿನ ಸಾಲು |010⟩ ± |101⟩ ಆಗುತ್ತದೆ. 4 ಮತ್ತು 5 ಅಸಮ, 5 ಮತ್ತು 6 ಅಸಮ, ಉಳಿದ ಆರೂ ಸಮ. 5ನ್ನು ಮಗುಚಿಸಿದರೆ ಮೊದಲಿನಂತಾಯಿತು. ಅದರ ಬದಲು 5ರ ಚಿಹ್ನೆ ಕೆಟ್ಟರೆ? ಅಂಕಿಯ ಆರೂ ಪ್ರಶ್ನೆಗಳಿಗೆ ‘ಸಮ’ ಬರುತ್ತದೆ, ಚಿಹ್ನೆಯ ಎರಡಕ್ಕೂ ‘ಅಸಮ’. ನಡುವಿನ ಸಾಲೇ ಕೆಟ್ಟದ್ದು ಎಂದಾಯಿತು. ಆ ಸಾಲಿನಲ್ಲಿ ಯಾವುದು, 4ನೆಯದೇ, 5ನೆಯದೇ, 6ನೆಯದೇ? ಅದು ಗೊತ್ತಾಗುವುದಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಮೂರರಲ್ಲಿ ಯಾವುದರ ಚಿಹ್ನೆ ಕೆಟ್ಟರೂ ಪರಿಣಾಮ ಒಂದೇ, ಹಾಗಾಗಿ ಮೂರರಲ್ಲಿ ಯಾವುದರ ಚಿಹ್ನೆಯನ್ನು ತಿದ್ದಿದರೂ ಸರಿಹೋಗುತ್ತದೆ. ಕಳ್ಳ ಯಾರೆಂದು ತಿಳಿಯದೆಯೇ ಮಾಲು ವಾಪಸ್ ಬರುತ್ತದೆ. ಸಾಮಾನ್ಯ ಕಂಪ್ಯೂಟರಿನ ತಿದ್ದುವ ಕೋಡುಗಳಲ್ಲಿ ಇಂಥ ಸೌಕರ್ಯ ಇಲ್ಲ. ಕ್ವಾಂಟಮ್ ಕೋಡುಗಳದ್ದೇ ಒಂದು ವಿಶೇಷ ಇದು. ಇನ್ನು ಅಂಕಿ, ಚಿಹ್ನೆ ಎರಡೂ ಒಟ್ಟಿಗೆ ಕೆಟ್ಟರೆ ನಾಲ್ಕು ‘ಅಸಮ’ಗಳು ಬರುತ್ತವೆ. ಎರಡು ರಿಪೇರಿಗಳನ್ನೂ ಮಾಡಿದರಾಯಿತು.

ಚಿಹ್ನೆಯನ್ನು ನೋಡದೆ ಹೋಲಿಸುವುದು ಹೇಗೆ ಎಂಬ ಪ್ರಶ್ನೆ ಬಾಕಿ ಇದೆ. |000⟩ + |111⟩ ಸಾಲಿನ ಮೂರನ್ನೂ ಮಗುಚಿಸಿ ನೋಡಿ, ಅದು ಹಾಗೆಯೇ ಉಳಿಯುತ್ತದೆ. |000⟩ − |111⟩ ಸಾಲಿನ ಮೂರನ್ನೂ ಮಗುಚಿಸಿದರೆ |111⟩ − |000⟩ ಆಗುತ್ತದೆ, ಎಂದರೆ ಇಡೀ ಸ್ಥಿತಿಯ ಮುಂದೆ ಒಂದು ಕಳೆಯುವ ಚಿಹ್ನೆ ಬಂದು ಕೂರುತ್ತದೆ. ಈಗ ಎರಡು ಸಾಲುಗಳ ಆರನ್ನೂ ಮಗುಚಿಸಿ. ಎರಡು ಸಾಲಿನ ಚಿಹ್ನೆಗಳು ಒಂದೇ ಆಗಿದ್ದರೆ, ಕಳೆ ಕಳೆ ಸೇರಿ ಕೂಡಾಗಿ ಏನೂ ಬದಲಾಗುವುದಿಲ್ಲ. ಬೇರೆಬೇರೆಯಾಗಿದ್ದರೆ ಒಂದು ಕಳೆ ಉಳಿಯುತ್ತದೆ. ಸಹಾಯಕ ಕ್ಯೂಬಿಟ್ಟನ್ನು ‘ಮಗುಚು’ ಮತ್ತು ‘ಬಿಡು’ ಎಂಬೆರಡರ ಮಿಶ್ರಣದಲ್ಲಿಟ್ಟು ಈ ಕೆಲಸ ಮಾಡಿಸಿದರೆ ಆ ಕಳೆ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಅದನ್ನು ಹಡಮಾರ್ಡ್ ಗೇಟಿನ ಮೂಲಕ ಓದಿಕೊಳ್ಳಬಹುದು.

ಉಳಿದದ್ದು ಓರೆಯಾಗುವ ತಪ್ಪು. ಲೆಕ್ಕವಿಲ್ಲದಷ್ಟು ಬಗೆಯ ತಪ್ಪುಗಳಿಗೆ ಎಂಟು ಪ್ರಶ್ನೆ ಹೇಗೆ ಸಾಕಾದೀತು? 5ನೆಯ ಕ್ಯೂಬಿಟ್ ಪೂರ್ತಿ ಮಗುಚದೆ ಸುಮಾರು ಹನ್ನೊಂದೂವರೆ ಡಿಗ್ರಿ ಓರೆಯಾಯಿತು ಎನ್ನಿ. ಆಗ ಇಡೀ ಸ್ಥಿತಿ ಎರಡರ ಮಿಶ್ರಣ: ‘ಏನೂ ಆಗಿಲ್ಲ’ ಎಂಬುದಕ್ಕೆ ನೂರರಲ್ಲಿ 99ರಷ್ಟು ಸಂಭವ, ‘5 ಮಗುಚಿದೆ’ ಎಂಬುದಕ್ಕೆ ನೂರರಲ್ಲಿ 1ರಷ್ಟು. ತಕ್ಕಡಿಯನ್ನು ಕೇಳಿದ ಕೂಡಲೇ ಅದು ಸಮ ಎನ್ನಬೇಕು ಇಲ್ಲವೇ ಅಸಮ ಎನ್ನಬೇಕು, ನಡುವಿನ ಉತ್ತರ ಅದಕ್ಕೆ ಗೊತ್ತಿಲ್ಲ. ನೂರಕ್ಕೆ 99 ಸಲ ‘ಸಮ’ ಎಂದು ಬರುತ್ತದೆ. ಆ ಗಳಿಗೆಯಲ್ಲೇ ಓರೆ ಮಾಯವಾಗಿ ಸ್ಥಿತಿ ಪೂರ್ತಿ ನೆಟ್ಟಗಾಗುತ್ತದೆ. ಒಂದು ಸಲ ‘ಅಸಮ’ ಎಂದು ಬರುತ್ತದೆ. ಆಗ 5 ಪೂರ್ತಿ ಮಗುಚಿಕೊಂಡಿರುತ್ತದೆ, ಅದನ್ನು ತಿದ್ದುವುದು ನಮಗೆ ಗೊತ್ತೇ ಇದೆ. ಅಳತೆ ಮಾಡಿದರೆ ಕ್ವಾಂಟಮ್ ಸ್ಥಿತಿ ಕೆಡುತ್ತದೆ ಎಂಬ ಅದೇ ಶಾಪ ಇಲ್ಲಿ ವರವಾಗುತ್ತದೆ. ಈ ಸಲ ಅಳತೆಗೆ ಸಿಕ್ಕಿ ಕೆಡುವುದು ಮಾಹಿತಿಯಲ್ಲ, ತಪ್ಪು. ಒಂದು ಕ್ಯೂಬಿಟ್ಟಿಗೆ ಆಗಬಹುದಾದ ಯಾವುದೇ ಕೇಡನ್ನೂ ನಾಲ್ಕರ ಮಿಶ್ರಣವಾಗಿ ಬರೆಯಬಹುದು: ಏನೂ ಆಗದಿರುವುದು, ಅಂಕಿ ಮಗುಚುವುದು, ಚಿಹ್ನೆ ಮಗುಚುವುದು, ಎರಡೂ ಮಗುಚುವುದು. ಹಾಗಾಗಿ ಈ ಮೂರನ್ನು ತಿದ್ದಬಲ್ಲ ಕೋಡು ಎಲ್ಲವನ್ನೂ ತಿದ್ದುತ್ತದೆ. 5ನೆಯ ಕ್ಯೂಬಿಟ್ಟನ್ನು ತೆಗೆದು ಅದರ ಜಾಗದಲ್ಲಿ ಏನೇನೋ ಸ್ಥಿತಿಯಲ್ಲಿರುವ ಬೇರೊಂದನ್ನು ತಂದು ಕೂರಿಸಿದರೂ ಸರಿ.

ಎರಡು ಕೆಟ್ಟರೆ? ನನಗೆ ಈ ಕೋಡಿನಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ ಅದು ಸೋಲುವ ಬಗೆ. ನಡುವಿನ ಸಾಲಿನಲ್ಲೇ 4 ಮತ್ತು 5 ಎರಡರ ಅಂಕಿಯೂ ಮಗುಚಿತು ಎನ್ನಿ. ಸಾಲು |110⟩ ± |001⟩ ಆಯಿತು. 4, 5 ಸಮ ಎನ್ನುತ್ತದೆ ತಕ್ಕಡಿ. 5, 6 ಅಸಮ ಎನ್ನುತ್ತದೆ. ನಾವು ನಂಬಿ 6ನ್ನು ಮಗುಚಿಸುತ್ತೇವೆ, ಆಗ ಮೂರೂ ಮಗುಚಿದಂತಾಯಿತು. ಮೂರೂ ಮಗುಚಿದರೆ ಏನಾಗುತ್ತದೆಂದು ಈಗಷ್ಟೇ ನೋಡಿದೆವು. ಕೂಡುವ ಚಿಹ್ನೆಯ ಸಾಲು ಹಾಗೆಯೇ ಉಳಿಯುತ್ತದೆ, ಕಳೆಯುವ ಚಿಹ್ನೆಯ ಸಾಲಿನ ಮುಂದೆ ಕಳೆ ಬರುತ್ತದೆ. ಎಂದರೆ |0_L⟩ ಹಾಗೆಯೇ ಇದೆ, |1_L⟩ ಮಾತ್ರ −|1_L⟩ ಆಗಿದೆ. ಒಳಗೆ ಎರಡು ಅಂಕಿ ಮಗುಚಿದ್ದು ಹೊರಗೆ ಚಿಹ್ನೆ ಮಗುಚಿದ್ದಾಗಿ ಕಾಣಿಸಿಕೊಂಡಿತು! ಇದರ ತಿರುಗುಮುರುಗೂ ನಿಜ. ಮೊದಲ ಸಾಲಿನಲ್ಲೊಂದು, ಎರಡನೆಯ ಸಾಲಿನಲ್ಲೊಂದು ಚಿಹ್ನೆ ಕೆಟ್ಟರೆ, ಅವೆರಡೂ ಒಂದೇ ತೆರನಾಗಿರುವುದರಿಂದ ತಕ್ಕಡಿ ಮೂರನೆಯ ಸಾಲಿನ ಕಡೆ ಬೆರಳು ಮಾಡುತ್ತದೆ. ಅದನ್ನೂ ಮಗುಚಿಸಿದರೆ ಮೂರು ಸಾಲಿನ ಚಿಹ್ನೆಗಳೂ ಬದಲಾಗಿ |0_L⟩ ಇದ್ದದ್ದು |1_L⟩ ಆಗುತ್ತದೆ. ಎರಡು ಚಿಹ್ನೆಯ ತಪ್ಪು ಸೇರಿ ಒಂದು ಅಂಕಿಯ ತಪ್ಪಾಯಿತು.

ಎಷ್ಟು ಸಲ ಹೀಗಾಗುತ್ತದೆ ಎಂಬ ಲೆಕ್ಕ ಬೆರಳೆಣಿಕೆಯಲ್ಲೇ ಮುಗಿಯುತ್ತದೆ. ಒಂಬತ್ತರಲ್ಲಿ ಎರಡನ್ನು ಆರಿಸಲು 36 ಜೋಡಿಗಳಿವೆ. ಅವುಗಳಲ್ಲಿ 9 ಜೋಡಿಗಳು ಒಂದೇ ಸಾಲಿನವು, 27 ಜೋಡಿಗಳು ಬೇರೆ ಬೇರೆ ಸಾಲಿನವು. ಅಂಕಿ ಮಗುಚುವುದು ಬೇರೆ ಬೇರೆ ಸಾಲುಗಳಲ್ಲಾದರೆ ಪ್ರತಿ ಸಾಲೂ ತನ್ನದನ್ನು ತಾನೇ ತಿದ್ದಿಕೊಳ್ಳುತ್ತದೆ. ಹಾಗಾಗಿ ಅಂಕಿಯ ಮಟ್ಟಿಗೆ ಅಪಾಯಕಾರಿ ಜೋಡಿಗಳು 9 ಮಾತ್ರ. ಚಿಹ್ನೆಯದು ಉಲ್ಟಾ. ಒಂದೇ ಸಾಲಿನಲ್ಲಿ ಎರಡು ಚಿಹ್ನೆ ಕೆಟ್ಟರೆ ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಅಪಾಯ ಇರುವುದು ಉಳಿದ 27ರಲ್ಲಿ. ಶೋರ್ ತಮ್ಮ ಪ್ರಬಂಧದಲ್ಲಿ ಇಷ್ಟು ಸೂಕ್ಷ್ಮಕ್ಕೆ ಹೋಗದೆ, ಎರಡು ಕೆಟ್ಟರೆ ಸೋಲು ಎಂದೇ ಇಟ್ಟುಕೊಂಡು, ಒಂದು ಕ್ಯೂಬಿಟ್ ಕೆಡುವ ಸಂಭವ p ಆದರೆ ಒಂಬತ್ತರ ಕೂಟ ಕೆಡುವ ಸಂಭವ ಸುಮಾರು 36p² ಎಂದರು. p ಸಾವಿರಕ್ಕೆ ಒಂದಾದರೆ ಕೂಟ ಕೆಡುವುದು ಸುಮಾರು 28,000ಕ್ಕೆ ಒಂದು ಸಲ. ನೂರಕ್ಕೆ ಒಂದಾದರೆ 278ಕ್ಕೆ ಒಂದು ಸಲ, ಲಾಭ ಮೂರು ಪಟ್ಟಿಗೂ ಕಡಿಮೆ. ನೂರಕ್ಕೆ ಐದಾದರೆ ಕೂಟ ಕೆಡುವುದು ನೂರಕ್ಕೆ ಏಳು ಸಲ. ಆಗ ಒಂಬತ್ತು ಕ್ಯೂಬಿಟ್ ಕಟ್ಟಿ ಕಾಯುವುದಕ್ಕಿಂತ ಒಂದನ್ನೇ ಬಿಟ್ಟುಬಿಡುವುದು ಮೇಲು. ತಿದ್ದುವ ಕೋಡು ಕೆಲಸ ಮಾಡಬೇಕಾದರೆ ಯಂತ್ರ ಮೊದಲೇ ಸಾಕಷ್ಟು ಚೆನ್ನಾಗಿರಬೇಕು.

9 ಮತ್ತು 27ರ ನಡುವಿನ ಅಂತರದಿಂದ ಇನ್ನೊಂದು ವಿಷಯವೂ ತಿಳಿಯುತ್ತದೆ. ಈ ಕೋಡು ಅಂಕಿಯನ್ನು ಕಾದಷ್ಟು ಬಿಗಿಯಾಗಿ ಚಿಹ್ನೆಯನ್ನು ಕಾಯುವುದಿಲ್ಲ. ಬಹಳಷ್ಟು ಯಂತ್ರಗಳಲ್ಲಿ ಹೆಚ್ಚು ಕೆಡುವುದು ಚಿಹ್ನೆಯೇ. ಅಂಥಲ್ಲಿ ಪದರಗಳನ್ನು ಅದಲುಬದಲು ಮಾಡಬೇಕು. ಚಿಹ್ನೆ ಕಾಯುವವನನ್ನು ಒಳಗೆ, ಅಂಕಿ ಕಾಯುವವನನ್ನು ಹೊರಗೆ ಇಟ್ಟರೆ 9 ಚಿಹ್ನೆಯ ಪಾಲಿಗೆ ಬರುತ್ತದೆ.

ಈ ಲೆಕ್ಕದಲ್ಲೆಲ್ಲ ನಾವು ಒಂದು ವಿಷಯವನ್ನು ಸದ್ದಿಲ್ಲದೆ ಒಪ್ಪಿಕೊಂಡಿದ್ದೇವೆ, ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು. ಸಹಾಯಕ ಕ್ಯೂಬಿಟ್ಟೂ ಕ್ಯೂಬಿಟ್ಟೇ, ಅದೂ ಕೆಡುತ್ತದೆ. ತಪ್ಪು ಉತ್ತರ ಕೊಟ್ಟರೆ ಎರಡು ಮೂರು ಸಲ ಕೇಳಿ ಖಾತ್ರಿಮಾಡಿಕೊಳ್ಳಬಹುದು. ಅದಕ್ಕಿಂತ ಕಷ್ಟದ್ದು ಚಿಹ್ನೆಯ ಪ್ರಶ್ನೆ. ಅದರ ಸಹಾಯಕ ಆರು ಕ್ಯೂಬಿಟ್‌ಗಳನ್ನು ಒಂದರ ಹಿಂದೊಂದು ಮುಟ್ಟಬೇಕು. 1, 2, 3 ಮುಟ್ಟಿದ ಮೇಲೆ ಸಹಾಯಕವೇ ಮಗುಚಿಕೊಂಡಿತು ಎನ್ನಿ. ಮಿಕ್ಕ 4, 5, 6 ಮೂರೂ ತಪ್ಪಾಗಿ ಮಗುಚುತ್ತವೆ. ಇಡೀ ಸಾಲು ಮಗುಚಿದರೆ ಯಾವ ತಕ್ಕಡಿಗೂ ಕಾಣದಂತೆ ಮಾಹಿತಿಯ ಚಿಹ್ನೆ ಕೆಡುತ್ತದೆ. ಒಂಬತ್ತರಲ್ಲಿ ಒಂದೂ ತಾನಾಗಿ ಕೆಟ್ಟಿಲ್ಲ, ಕೆಟ್ಟದ್ದು ಪರೀಕ್ಷಿಸಲು ಬಂದವನು ಮಾತ್ರ. 1996ರಲ್ಲಿ ಶೋರ್ ಇದಕ್ಕೂ ಒಂದು ಪರಿಹಾರ ಬರೆದರು. ಒಂದು ಸಹಾಯಕದ ಬದಲು ಪರಸ್ಪರ ಹೆಣೆದ ಸಹಾಯಕಗಳ ಒಂದು ಗುಂಪನ್ನು ಮೊದಲೇ ಸಿದ್ಧಮಾಡಿ, ಪರೀಕ್ಷಿಸಿಕೊಂಡು, ಒಂದೊಂದು ಸಹಾಯಕ ಒಂದೊಂದು ಕ್ಯೂಬಿಟ್ಟನ್ನು ಮಾತ್ರ ಮುಟ್ಟುವಂತೆ ಮಾಡುವುದು. ಪರಿಹಾರ ಸರಿ, ಖರ್ಚು ಬಹಳ.

ಅಷ್ಟು ಹೊತ್ತಿಗೆ ಒಂಬತ್ತು ದುಬಾರಿ ಎಂಬ ಮಾತೂ ಬಂದಿತ್ತು. ಅದೇ 1996ರಲ್ಲಿ ಆಕ್ಸ್‌ಫರ್ಡ್‌ನ ಆಂಡ್ರ್ಯೂ ಸ್ಟೀನ್ ಏಳರಲ್ಲಿ ಆಗುತ್ತದೆ ಎಂದು ತೋರಿಸಿದರು, ಬೇರೆಯವರು ಐದಕ್ಕೆ ಇಳಿಸಿದರು. ಐದಕ್ಕಿಂತ ಕೆಳಗೆ ಇಳಿಯುವಂತಿಲ್ಲ ಎಂಬುದೂ ಸಾಬೀತಾಯಿತು. ಒಂಬತ್ತರ ಕೋಡು ಪಠ್ಯಪುಸ್ತಕದ ಮೊದಲ ಅಧ್ಯಾಯವಾಗಿ ಉಳಿದುಕೊಳ್ಳುತ್ತದೇನೋ ಎಂಬಂತಿತ್ತು.

2006ರಲ್ಲಿ ಡೇವ್ ಬೇಕನ್ ಅದೇ ಒಂಬತ್ತು ಚುಕ್ಕಿಗಳ ಚೌಕವನ್ನು ಬೇರೊಂದು ಕಣ್ಣಿನಿಂದ ನೋಡಿದರು. ಒಂದು ಸಾಲಿನಲ್ಲಿ ಯಾವುದರ ಚಿಹ್ನೆ ಕೆಟ್ಟಿತು ಎಂಬುದು ನಮಗೆ ಬೇಕಿಲ್ಲ, ಯಾವ ಸಾಲು ಎಂದಷ್ಟೇ ಸಾಕು ಎಂದೆವಲ್ಲ. ಅಂಕಿಯ ವಿಷಯದಲ್ಲೂ ಹಾಗೆಯೇ ಉದಾಸೀನವಾಗಿದ್ದರೆ ಹೇಗೆ ಎಂಬುದು ಅವರ ಪ್ರಶ್ನೆ. ಯಾವ ಕಂಬಸಾಲಿನಲ್ಲಿ ಅಂಕಿ ಕೆಟ್ಟಿತು ಎಂದು ತಿಳಿದರೆ ಸಾಕು, ಆ ಕಂಬಸಾಲಿನ ಮೂರರಲ್ಲಿ ಯಾವುದು ಎಂದು ಬೇಡ. ಹೀಗೆ ಮಾಡಿದರೆ ಒಂದೇ ಕಂಬಸಾಲಿನಲ್ಲಿ ಮೇಲೆ ಕೆಳಗೆ ಎರಡು ಅಂಕಿ ಮಗುಚಿದರೂ ಕೇಡಿಲ್ಲ. ಎಂಟು ಪ್ರಶ್ನೆಗಳು ನಾಲ್ಕಕ್ಕೆ ಇಳಿಯುತ್ತವೆ, ಅಡ್ಡಸಾಲುಗಳ ಚಿಹ್ನೆ ಹೋಲಿಸಲು ಎರಡು, ಕಂಬಸಾಲುಗಳ ಅಂಕಿ ಹೋಲಿಸಲು ಎರಡು. ಆರನ್ನು ಮುಟ್ಟುವ ಸಹಾಯಕದ ಭಯವೂ ಹೋಗುತ್ತದೆ. 1, 2, 3, 4, 5, 6 ಎಂದು ಸಾಲುಹಿಡಿದು ಹೋಗುವ ಬದಲು 1, 4, 2, 5, 3, 6 ಎಂದು ಮೇಲೆ ಕೆಳಗೆ ಜೋಡಿಜೋಡಿಯಾಗಿ ಮುಟ್ಟಬೇಕು, ಅಷ್ಟೇ. 1, 4 ಮುಟ್ಟಿದ ಮೇಲೆ ಸಹಾಯಕ ಕೆಟ್ಟಿತು ಎನ್ನಿ. ತಪ್ಪುಗಳು 2, 5, 3, 6ರ ಮೇಲೆ ಬೀಳುತ್ತವೆ. ಅವು ಒಂದೇ ಕಂಬಸಾಲಿನ ಎರಡು ಜೋಡಿಗಳು, ನಿರುಪದ್ರವಿಗಳು. ಜೋಡಿಯ ನಟ್ಟನಡುವೆ ಕೆಟ್ಟರೆ ಒಂಟಿ ತಪ್ಪೊಂದು ಉಳಿಯುತ್ತದೆ, ಅದನ್ನು ಕೋಡೇ ತಿದ್ದುತ್ತದೆ.

ಬೇಕನ್-ಶೋರ್ ಕೋಡು ಎಂದು ಕರೆಯುವ ಈ ರೂಪವೇ ಮುಂದೆ ಪ್ರಯೋಗಕ್ಕೆ ಬಂದದ್ದು. 2021ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಫರ್ ಮನ್ರೋ ಅವರ ತಂಡ, ನಿರ್ವಾತದಲ್ಲಿ ಸಾಲಾಗಿ ತೇಲಿಸಿ ಹಿಡಿದ ಇಟರ್ಬಿಯಂ ಅಯಾನುಗಳ ಮೇಲೆ ಲೇಸರ್ ಹಾಯಿಸಿ ಇದನ್ನು ನಡೆಸಿ ತೋರಿಸಿತು. ಫಲಿತಾಂಶ ‘ನೇಚರ್’ ಪತ್ರಿಕೆಯಲ್ಲಿ ಬಂತು. ಅವರು ಕ್ಯೂಬಿಟ್‌ಗಳಾಗಿ ಬಳಸಿದ್ದು ಹದಿಮೂರು ಅಯಾನುಗಳನ್ನು. ಒಂಬತ್ತು ಶೋರ್ ಅವರ ಒಂಬತ್ತು, ಮಿಕ್ಕ ನಾಲ್ಕು ತಕ್ಕಡಿಯ ನಾಲ್ಕು ಪ್ರಶ್ನೆಗಳಿಗೆ.